ಕೆಲಸದಲ್ಲಿದ್ದೇ ಕೆಲಸ ಹುಡುಕುವ ಲೆಕ್ಕಾಚಾರ

ಹೊಸ ಕೆಲಸ ಹುಡುಕುತ್ತಿರುವವರ ಗುಟ್ಟು ಸಂದರ್ಶನದ ದಿನ ರಟ್ಟಾಗುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಆದರೆ ಅದು ರಟ್ಟಾಗುವುದು ಹೆಚ್ಚಾಗಿ ಇನ್ನೂ ಮುಂಚೆ, ರೆಸ್ಯೂಮೆಯನ್ನು ಜಾಬ್ ಪೋರ್ಟಲ್‌ಗೆ ಏರಿಸಿದ ವಾರದಲ್ಲೇ. ಇಲ್ಲದಿದ್ದರೆ ಇನ್ನೂ ನಂತರ, ಒಂದೇ ತಿಂಗಳಲ್ಲಿ ಮೂರನೇ ಸಲ ‘ಹೊಟ್ಟೆನೋವು’ ಎಂದು ರಜೆ ಹಾಕಿದಾಗ. ಸಂದರ್ಶನಕ್ಕೆ ಹೋಗಿ ಬಂದದ್ದನ್ನು ಯಾರೂ ನೋಡಿರುವುದಿಲ್ಲ. ಅದರ ಸುತ್ತ ಹೇಳಿದ ಮಾತು, ತೆಗೆದುಕೊಂಡ ರಜೆ, ಒತ್ತಿದ ಬಟನ್ನು ಮಾತ್ರ ಕಣ್ಣಿಗೆ ಬೀಳುತ್ತವೆ.

ಹೀಗಾಗಿ ಗುಟ್ಟಾಗಿ ಕೆಲಸ ಹುಡುಕುವವರು ಚೆನ್ನಾಗಿ ಸುಳ್ಳು ಹೇಳುವುದನ್ನು ಕಲಿಯಬೇಕಿಲ್ಲ. ಸುಳ್ಳು ಹೇಳಬೇಕಾದ ಸಂದರ್ಭವೇ ಬರದಂತೆ ವೇಳಾಪಟ್ಟಿ ಹಾಕಿಕೊಂಡರೆ ಸಾಕು. ಆ ವೇಳಾಪಟ್ಟಿ ಹೇಗಿರುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬೆಂಗಳೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದ ಉದಾಹರಣೆಯೊಂದಿಗೆ ನೋಡೋಣ. ಅದಕ್ಕೂ ಮೊದಲು ಪೋರ್ಟಲ್‌ಗಳ ವಿಷಯ.

ಪ್ರೊಫೈಲ್ ಯಾರಿಗೆ ಕಾಣುತ್ತದೆ?

ನೌಕರಿ ಡಾಟ್ ಕಾಮ್‌ನಂಥ ತಾಣದಲ್ಲಿ ನಾವು ಹಾಕುವ ರೆಸ್ಯೂಮೆ, ನಾವು ಅರ್ಜಿ ಹಾಕಿದ ಕಂಪನಿಗೆ ಮಾತ್ರ ಹೋಗುವುದಿಲ್ಲ. ಅದೊಂದು ದೊಡ್ಡ ಭಂಡಾರಕ್ಕೆ ಸೇರುತ್ತದೆ. ಹಣ ಕಟ್ಟಿ ಚಂದಾದಾರರಾದ ಯಾವುದೇ ಕಂಪನಿಯ ನೇಮಕಾತಿ ವಿಭಾಗ ಅದರಲ್ಲಿ ಹುಡುಕಬಹುದು. ನಿಮ್ಮ ಕಂಪನಿಯ ಎಚ್‌ಆರ್ ವಿಭಾಗವೂ ಆ ಚಂದಾದಾರರಲ್ಲಿ ಒಂದಾಗಿರುವ ಸಾಧ್ಯತೆ ಇದ್ದೇ ಇದೆ. ಅವರು ನಿಮ್ಮ ಮೇಲೆ ಕಣ್ಣಿಡಲೆಂದೇ ಹುಡುಕಬೇಕಿಲ್ಲ. ನಿಮ್ಮದೇ ವಿಭಾಗಕ್ಕೆ ಇನ್ನೊಬ್ಬರು ಬೇಕೆಂದು ‘ಜಿಎಸ್‌ಟಿ, ಟ್ಯಾಲಿ, ಆರು ವರ್ಷ, ಬೆಂಗಳೂರು’ ಎಂದು ಹುಡುಕಿದರೂ ಮೊದಲ ಪುಟದಲ್ಲಿ ನಿಮ್ಮ ಹೆಸರು ಬರಬಹುದು. ಇತ್ತೀಚೆಗೆ ಬದಲಾದ ಪ್ರೊಫೈಲ್‌ಗಳನ್ನು ಮೊದಲು ನೋಡುವುದು ನೇಮಕಾತಿಯವರ ರೂಢಿ. ನಿನ್ನೆ ರಾತ್ರಿ ನೀವು ಮಾಡಿದ ಅಪ್‌ಡೇಟ್ ನಿಮ್ಮನ್ನು ಮೇಲಕ್ಕೆ ತಂದಿರುತ್ತದೆ.

ನಿರ್ದಿಷ್ಟ ಕಂಪನಿಗಳಿಗೆ ಪ್ರೊಫೈಲ್ ಕಾಣದಂತೆ ತಡೆಯುವ ಸೌಲಭ್ಯ ಇಂಥ ತಾಣಗಳ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ರೆಸ್ಯೂಮೆ ಏರಿಸುವ ಮೊದಲೇ ಇದನ್ನು ಮಾಡಿಕೊಳ್ಳಬೇಕು. ನಿಮ್ಮ ಕಂಪನಿಗೆ ಬೇರೆ ಹೆಸರಿನ ಅಂಗಸಂಸ್ಥೆಗಳಿದ್ದರೆ ಒಂದೊಂದನ್ನೂ ಸೇರಿಸಬೇಕು. ಆದರೂ ಒಂದು ಕಿಂಡಿ ಉಳಿಯುತ್ತದೆ. ಬಹಳಷ್ಟು ಕಂಪನಿಗಳು ಜನರನ್ನು ಹುಡುಕಿಕೊಡಲು ಕನ್ಸಲ್ಟೆನ್ಸಿಗಳನ್ನು ಇಟ್ಟುಕೊಂಡಿರುತ್ತವೆ. ಅವು ತಮ್ಮದೇ ಹೆಸರಿನಲ್ಲಿ ಹುಡುಕುವುದರಿಂದ ನೀವು ಹಾಕಿದ ತಡೆ ಅವುಗಳಿಗೆ ತಾಗುವುದಿಲ್ಲ. ಕನ್ಸಲ್ಟೆನ್ಸಿಯಿಂದ ಕರೆ ಬಂದಾಗ “ಯಾವ ಕಂಪನಿಗೆ?” ಎಂದು ಕೇಳಿ. “ನನ್ನನ್ನು ಕೇಳದೆ ರೆಸ್ಯೂಮೆಯನ್ನು ಯಾರಿಗೂ ಕಳಿಸಬೇಡಿ” ಎಂದು ಮೇಲ್‌ನಲ್ಲೂ ಬರೆದುಬಿಡಿ. ಇಲ್ಲದಿದ್ದರೆ ನಿಮ್ಮ ರೆಸ್ಯೂಮೆ ಸುತ್ತಿ ಬಳಸಿ ನಿಮ್ಮ ಬಾಸ್‌ನ ಮೇಜಿಗೇ ಬಂದು ಬೀಳಬಹುದು.

ಲಿಂಕ್ಡ್‌ಇನ್‌ನಲ್ಲಿ Open to Work ಎಂಬ ಆಯ್ಕೆ ಇದೆ. ಎಲ್ಲರಿಗೂ ಕಾಣುವಂತೆ ಇಟ್ಟರೆ ಫೋಟೋದ ಸುತ್ತ ಹಸಿರು ಪಟ್ಟಿ ಬರುತ್ತದೆ, ಅದು ಡಂಗುರ ಸಾರಿದ ಹಾಗೆ. Recruiters only ಎಂದು ಆರಿಸಿದರೆ ಪಟ್ಟಿ ಬರುವುದಿಲ್ಲ. ನಿಮ್ಮ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ತಾಣವೇ ಮರೆಮಾಡಲು ನೋಡುತ್ತದೆ, ಆದರೆ ಪೂರ್ತಿ ಗೋಪ್ಯತೆಗೆ ಭರವಸೆ ಕೊಡುವುದಿಲ್ಲ ಎಂಬುದನ್ನು ಅದೇ ಹೇಳುತ್ತದೆ. ಪ್ರೊಫೈಲ್ ತಿದ್ದುವ ಮೊದಲು, ಬದಲಾವಣೆಗಳನ್ನು ಪರಿಚಿತರಿಗೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿಕೊಳ್ಳಿ. ಎರಡು ವರ್ಷ ಮುಟ್ಟದ ಪ್ರೊಫೈಲನ್ನು ಒಂದೇ ಭಾನುವಾರ ಫೋಟೋ ಸಮೇತ ಹೊಸದು ಮಾಡಿದರೆ, ಯಾವ ಸೂಚನೆಯೂ ಹೋಗದಿದ್ದರೂ ಇಣುಕಿ ನೋಡಿದ ಸಹೋದ್ಯೋಗಿಗೆ ಅರ್ಥವಾಗುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ತಿದ್ದುವುದು ಮೇಲು.

ನೋಟಿಸ್ ಅವಧಿಯ ಕಲಂನಲ್ಲಿ ಇನ್ನೊಂದು ಆಮಿಷ ಕಾದಿರುತ್ತದೆ. ಬೇಗ ಬಂದು ಸೇರುವವರಿಗೆ ಬೇಡಿಕೆ ಹೆಚ್ಚು. ಅದಕ್ಕೇ ಕೆಲವರು ರಾಜೀನಾಮೆ ಕೊಡದೆಯೇ Serving Notice Period ಎಂದು ಆರಿಸಿಬಿಡುತ್ತಾರೆ. ಕರೆಗಳೇನೋ ಹೆಚ್ಚು ಬರುತ್ತವೆ. ಆದರೆ ಎರಡನೇ ಸುತ್ತಿನಲ್ಲಿ “ಲಾಸ್ಟ್ ವರ್ಕಿಂಗ್ ಡೇ ಯಾವಾಗ? ರಾಜೀನಾಮೆ ಒಪ್ಪಿದ ಮೇಲ್ ಕಳಿಸಿ” ಎಂದಾಗ ಉತ್ತರವಿರುವುದಿಲ್ಲ. ಅಲ್ಲಿಯೂ ಮರ್ಯಾದೆ ಹೋಗುತ್ತದೆ, ಆ ಪ್ರೊಫೈಲ್ ನಿಮ್ಮ ಎಚ್‌ಆರ್ ಕಣ್ಣಿಗೆ ಬಿದ್ದಿದ್ದರೆ ಇಲ್ಲಿಯೂ ಹೋಗುತ್ತದೆ.

ಆಫೀಸಿನ ಲ್ಯಾಪ್‌ಟಾಪ್ ಆಫೀಸಿನದು

ಇದು ಎಲ್ಲರಿಗೂ ಗೊತ್ತಿರುವ ವಿಷಯ, ಆದರೂ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ತೆರೆದ ತಾಣಗಳ ದಾಖಲೆ ಉಳಿಯುತ್ತದೆ. ಹೊರಗಿನ ಮೇಲ್‌ಗೆ ಫೈಲ್ ಕಳಿಸಿದರೆ ಐಟಿ ವಿಭಾಗಕ್ಕೆ ಎಚ್ಚರಿಕೆ ಹೋಗುವ ವ್ಯವಸ್ಥೆ ಅನೇಕ ಕಡೆ ಇದೆ. ಸ್ವಂತ ಫೋನ್ ಆದರೂ ಆಫೀಸಿನ ವೈಫೈಯಲ್ಲಿದ್ದರೆ ಯಾವ ತಾಣಕ್ಕೆ ಹೋದಿರಿ ಎಂಬುದು ಗೊತ್ತಾಗಬಹುದು. ಹುಡುಕಾಟದ ಕೆಲಸವನ್ನೆಲ್ಲ ಸ್ವಂತ ಫೋನು, ಸ್ವಂತ ಡೇಟಾ, ಸ್ವಂತ ಮೇಲ್‌ನಲ್ಲಿ ಮಾಡಿ. ಸಂದರ್ಶನದ ಆಹ್ವಾನವನ್ನು ಆಫೀಸಿನ ಕ್ಯಾಲೆಂಡರ್‌ಗೆ ಸೇರಿಸಬೇಡಿ.

ರೆಸ್ಯೂಮೆಯನ್ನು ಆಫೀಸಿನ ವರ್ಡ್‌ನಲ್ಲಿ ಬರೆದರೆ ಫೈಲಿನ ವಿವರಗಳಲ್ಲಿ ಕಂಪನಿಯ ಹೆಸರು ಅಂಟಿಕೊಂಡಿರಬಹುದು. ರೆಸ್ಯೂಮೆಯೊಳಗೆ ಬರೆಯುವ ವಿಷಯಕ್ಕೂ ಗೋಪ್ಯತೆಯ ಹಂಗಿದೆ. ಗ್ರಾಹಕರ ಹೆಸರು, ಮಾರ್ಜಿನ್ನು, ಇನ್ನೂ ಪ್ರಕಟವಾಗದ ಯೋಜನೆ ಇವೆಲ್ಲ ಕಂಪನಿಯ ಸ್ವತ್ತು. ‘ವಾಹನ ಬಿಡಿಭಾಗ ತಯಾರಿಸುವ ಕಂಪನಿಗೆ ತಿಂಗಳ ಲೆಕ್ಕ ಮುಗಿಸುವ ಅವಧಿಯನ್ನು ಒಂಬತ್ತು ದಿನದಿಂದ ಐದಕ್ಕೆ ಇಳಿಸಿದೆ’ ಎಂದರೆ ನಿಮ್ಮ ಕೆಲಸ ಕಾಣುತ್ತದೆ, ಯಾರ ಗುಟ್ಟೂ ಹೊರಬೀಳುವುದಿಲ್ಲ. ಈಗಿನ ಕಂಪನಿಯ ವರದಿಯನ್ನು ಮಾದರಿಯೆಂದು ತೋರಿಸಿದರೆ ಸಂದರ್ಶಕರೂ ‘ನಾಳೆ ನಮ್ಮದನ್ನೂ ಹೀಗೇ ತೋರಿಸುತ್ತಾರೆ’ ಎಂದುಕೊಳ್ಳುತ್ತಾರೆ.

ಬೇರೆ ಕೆಲಸ ಹುಡುಕುವುದು ತಪ್ಪಲ್ಲ. ಒಂದು ಕಂಪನಿಯ ಸಂಬಳ ಪಡೆಯುತ್ತ ಇನ್ನೊಂದು ಕಡೆ ದುಡಿಯುವ ‘ಮೂನ್‌ಲೈಟಿಂಗ್’ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಆಫೀಸಿನ ಸಮಯದಲ್ಲಿ, ಆಫೀಸಿನ ಯಂತ್ರದಲ್ಲಿ ಹುಡುಕಿದರೆ ಮಾತ್ರ ಕ್ರಮ ಕೈಗೊಳ್ಳಲು ಕಾರಣವನ್ನು ನೀವೇ ಕೊಟ್ಟಂತೆ.

ರಜೆಯ ಖಾತೆ ಮೊದಲು ನೋಡಿ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರಡಿ ಬರುವ ಕಚೇರಿಗಳಲ್ಲಿ ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳ ಸಹಿತ ಗಳಿಕೆ ರಜೆ ಸಿಗಬೇಕು. ಅದಲ್ಲದೆ ವರ್ಷಕ್ಕೆ ಹನ್ನೆರಡು ದಿನ ಕಾಯಿಲೆ ರಜೆ. ಕಾರ್ಖಾನೆಗಳಿಗೆ ನಿಯಮ ಬೇರೆ. ಇದರ ಮೇಲೆ ಕ್ಯಾಶುವಲ್ ಲೀವ್ ಎಷ್ಟು ಎಂಬುದು ಆಯಾ ಕಂಪನಿಯ ಪಾಲಿಸಿಯಲ್ಲಿರುತ್ತದೆ. ಈ ಮೂರೂ ರಜೆಗಳ ಸ್ವಭಾವ ಬೇರೆ ಬೇರೆ. ಕೆಲಸ ಹುಡುಕುವವರು ಅವನ್ನು ಒಂದೇ ಚೀಲಕ್ಕೆ ಹಾಕಬಾರದು.

ಸಂದರ್ಶನಕ್ಕೆ ಒಪ್ಪುವುದು ಸಿಎಲ್. ಅದಕ್ಕೆ ಕಾರಣ ವಿವರಿಸಬೇಕಿಲ್ಲ, ‘ಸ್ವಂತ ಕೆಲಸ’ ಎಂದರೆ ಸಾಕು, ಅದು ನಿಜವೂ ಹೌದು. ಅರ್ಧ ದಿನವೂ ಸಿಗುತ್ತದೆ. ಹೆಚ್ಚಿನ ಕಡೆ ಅದು ವರ್ಷ ಮುಗಿದರೆ ರದ್ದಾಗುವುದರಿಂದ, ಕೊನೆಯ ತಿಂಗಳುಗಳಲ್ಲಿ ಒಂದೊಂದಾಗಿ ತೆಗೆದುಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಕಾಯಿಲೆ ರಜೆಯನ್ನು ಮುಟ್ಟಬೇಡಿ. ಎರಡು ದಿನ ಮೀರಿದರೆ ವೈದ್ಯರ ಚೀಟಿ ಕೇಳುವ ಕಂಪನಿಗಳಿವೆ. ಸುಳ್ಳು ಚೀಟಿ ತಂದರೆ ಅದು ದುರ್ನಡತೆ ಎನಿಸಿಕೊಳ್ಳುತ್ತದೆ, ಕೆಲಸವೇ ಹೋಗಬಹುದು. ಅಜ್ಜಿಯನ್ನು ಸಾಯಿಸುವ ಹಳೆಯ ದಾರಿ ಇನ್ನೂ ಅಪಾಯ. ಅದೇ ಅಜ್ಜಿ ಹೋದ ವರ್ಷವೂ ತೀರಿಕೊಂಡಿದ್ದರು ಎಂಬುದನ್ನು ನೆನಪಿಟ್ಟವರು ಒಬ್ಬರಾದರೂ ಇರುತ್ತಾರೆ.

ಗಳಿಕೆ ರಜೆಯನ್ನು ಕೂಡಿಟ್ಟುಕೊಳ್ಳಿ. ರಾಜೀನಾಮೆ ಕೊಟ್ಟ ಮೇಲೆ ಅದಕ್ಕೆ ಬೆಲೆ ಬರುತ್ತದೆ. ಉಳಿದ ರಜೆ ಫೈನಲ್ ಸೆಟ್ಲ್‌ಮೆಂಟ್‌ನಲ್ಲಿ ಹಣವಾಗಿ ಬರಬಹುದು. ಇಲ್ಲವೇ ಕಂಪನಿ ಒಪ್ಪಿದರೆ ನೋಟಿಸ್ ದಿನಗಳಿಗೆ ವಜಾ ಆಗಬಹುದು. ಆದರೆ ನೋಟಿಸ್ ಅವಧಿಯಲ್ಲಿ ಹೇಳದೆ ಕೇಳದೆ ರಜೆ ಹಾಕಿದರೆ ಅಷ್ಟೇ ದಿನ ನೋಟಿಸ್ ಮುಂದಕ್ಕೆ ಹೋಗುವ ನಿಯಮ ಅನೇಕ ಕಡೆ ಇದೆ. ನೇಮಕಾತಿ ಪತ್ರವನ್ನು ತೆಗೆದು ನೋಟಿಸ್ ಎಷ್ಟು ದಿನ, ರಜೆ ವಜಾ ಮಾಡಿಕೊಳ್ಳುತ್ತಾರೆಯೇ, ಉಳಿದ ದಿನಗಳಿಗೆ ಹಣ ಕಟ್ಟಿ ಹೋಗಲು ಬಿಡುತ್ತಾರೆಯೇ ಎಂದು ಓದಿಕೊಳ್ಳುವುದೇ ಹುಡುಕಾಟದ ಮೊದಲ ಕೆಲಸ.

ಒಂದು ಉದಾಹರಣೆ: ಪೀಣ್ಯದಿಂದ ವೈಟ್‌ಫೀಲ್ಡ್‌ಗೆ

ಪೀಣ್ಯದ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಸೀನಿಯರ್ ಆಗಿರುವ ಒಬ್ಬರನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಕೆಲಸ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ನೋಟಿಸ್ ಅರವತ್ತು ದಿನ. ಖಾತೆಯಲ್ಲಿ ಐದು ಸಿಎಲ್, ಹದಿನಾರು ಗಳಿಕೆ ರಜೆ ಇವೆ.

ಇವರು ಮೊದಲು ನೋಡುವುದು ತಮ್ಮ ಕೆಲಸದ ಕ್ಯಾಲೆಂಡರನ್ನು. ಪ್ರತಿ ತಿಂಗಳ 7ರೊಳಗೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು. ಆ ಹಿಂದುಮುಂದಿನ ದಿನಗಳಲ್ಲಿ ರಜೆ ಕೇಳಿದರೆ ಕಾರಣ ಏನೇ ಇರಲಿ, ಮ್ಯಾನೇಜರ್‌ಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವರು ಪ್ರಶ್ನೆ ಕೇಳುತ್ತಾರೆ. ಹಾಗಾಗಿ ತಿಂಗಳಲ್ಲಿ ಇವರಿಗೆ ನಿರಾಳ ಸಿಗುವುದು 12ರಿಂದ 17, ಆಮೇಲೆ 21ರಿಂದ 27. ವರ್ಷದ ಲೆಕ್ಕ ತೆಗೆದರೆ ಸೆಪ್ಟೆಂಬರ್, ಅಕ್ಟೋಬರ್ ಆಡಿಟ್‌ನ ಕಾಲ, ಮಾರ್ಚ್ ವರ್ಷಾಂತ್ಯದ ಲೆಕ್ಕ. ಇವೆರಡರ ನಡುವೆ ಹುಡುಕಿ, ಮಾರ್ಚ್‌ಗೆ ಮುಂಚೆ ಬಿಟ್ಟು ಹೋಗುವಂತಿದ್ದರೆ ಹಳೆಯ ಕಂಪನಿಗೂ ಕೆಟ್ಟ ಅನಿಸುವುದಿಲ್ಲ. ಹಬ್ಬದ ಬೋನಸ್ ಕೈಸೇರಿರುತ್ತದೆ, ಉಳಿದ ಸಿಎಲ್‌ಗಳಿಗೆ ಡಿಸೆಂಬರ್ ಕೊನೆಯ ಗಡುವೂ ಇರುತ್ತದೆ. ನವೆಂಬರ್ ಆರಂಭದಲ್ಲಿ ಇವರು ರೆಸ್ಯೂಮೆ ಹೊರಗೆ ಬಿಡುತ್ತಾರೆ.

ಮೂರು ಕಡೆಯಿಂದ ಕರೆ ಬರುತ್ತದೆ: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಯಶವಂತಪುರ. ಮೊದಲ ಕರೆ ಬರುವುದು ಕೆಲಸದ ನಡುವೆಯೇ. ಫೋನ್ ಹಿಡಿದು ಮೆಟ್ಟಿಲ ಬಳಿ ಓಡುವುದು ಎಲ್ಲರ ಅಭ್ಯಾಸ, ಎಲ್ಲರ ಕಣ್ಣಿಗೆ ಬೀಳುವುದೂ ಅದೇ. ಇವರು ಕರೆ ಎತ್ತದೆ, “ಈಗ ಮಾತಾಡಲು ಆಗುವುದಿಲ್ಲ. ಮಧ್ಯಾಹ್ನ 1.15ಕ್ಕೆ ಅಥವಾ ಸಂಜೆ 6.45ರ ನಂತರ ಮಾಡಿ” ಎಂದು ಮೆಸೇಜ್ ಹಾಕುತ್ತಾರೆ. ನೇಮಕಾತಿಯವರಿಗೆ ಇದು ಹೊಸದೇನಲ್ಲ. ಅವರು ಮಾತಾಡುವ ಅಭ್ಯರ್ಥಿಗಳಲ್ಲಿ ಬಹುಪಾಲು ಕೆಲಸದಲ್ಲಿರುವವರೇ.

ಮೊದಲ ಸುತ್ತುಗಳನ್ನು ವಿಡಿಯೊದಲ್ಲಿ ಇಟ್ಟುಕೊಳ್ಳಲು ಕೇಳುತ್ತಾರೆ. ವೈಟ್‌ಫೀಲ್ಡ್ ಕಂಪನಿಯದು ಬೆಳಿಗ್ಗೆ ಎಂಟಕ್ಕೆ ಮನೆಯಿಂದಲೇ ಮುಗಿಯುತ್ತದೆ, ಎಲೆಕ್ಟ್ರಾನಿಕ್ ಸಿಟಿಯದು ಸಂಜೆ ಏಳೂವರೆಗೆ. ಯಶವಂತಪುರದವರು ನೇರವಾಗಿ ಬಂದು ಪರೀಕ್ಷೆ ಬರೆಯಲು ಹೇಳಿದಾಗ ಇವರು ಎರಡನೇ ಶನಿವಾರ ಕೇಳುತ್ತಾರೆ. ಮೂರು ಸುತ್ತು ಆದರೂ ಒಂದು ಗಂಟೆ ರಜೆಯೂ ಖರ್ಚಾಗಿಲ್ಲ. ಇಲ್ಲಿ ಬೆಳಗಿನ ಹೊತ್ತಿಗೆ ಒಂದು ಎಚ್ಚರಿಕೆ ಬೇಕು. ಮುಕ್ಕಾಲು ಗಂಟೆಯ ಸಂದರ್ಶನ ಒಂದೂಕಾಲು ಗಂಟೆಗೆ ಎಳೆಯಬಹುದು. “ಒಂಬತ್ತಕ್ಕೆ ನಾನು ಹೊರಡಲೇಬೇಕು” ಎಂದು ಆರಂಭದಲ್ಲೇ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹೇಳದೆ ಗಡಿಯಾರ ನೋಡುತ್ತ ಕೂತರೆ ಉತ್ತರಗಳೂ ಹದಗೆಡುತ್ತವೆ.

ಕೊನೆಯ ಸುತ್ತಿಗೆ ವೈಟ್‌ಫೀಲ್ಡ್‌ನವರು ಎರಡು ದಿನ ಕೇಳುತ್ತಾರೆ: ಒಂದು ದಿನ ಫೈನಾನ್ಸ್ ಮುಖ್ಯಸ್ಥರ ಜೊತೆ, ಇನ್ನೊಂದು ದಿನ ಎಚ್‌ಆರ್. “ಎರಡನ್ನೂ ಒಂದೇ ದಿನಕ್ಕೆ ಹೊಂದಿಸಲು ಸಾಧ್ಯವೇ?” ಎಂಬ ಒಂದು ಪ್ರಶ್ನೆ ಒಂದು ಸಿಎಲ್ ಉಳಿಸುತ್ತದೆ. ಪೀಣ್ಯದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ಕಾಡುಗೋಡಿ, ಹೀಗೆ ಮೆಟ್ರೊದಲ್ಲೇ ಹೆಚ್ಚುಕಡಿಮೆ ಒಂದೂವರೆ ಗಂಟೆ ಹಿಡಿಯುತ್ತದೆ. ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕು. ಇದಕ್ಕೆ ಅರ್ಧ ದಿನದ ರಜೆ ಹಾಕಿದರೆ, ಎರಡು ಗಂಟೆಗೆ ಬರುತ್ತೇನೆಂದವರು ನಾಲ್ಕಕ್ಕೆ ಬೆವರುತ್ತ ಬರಬೇಕಾಗುತ್ತದೆ. ಆದ್ದರಿಂದ 24ನೇ ತಾರೀಕು ಇಡೀ ದಿನ ಸಿಎಲ್. ಅದೇ ದಿನ ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಗಿಸಿಬಿಡೋಣ ಎಂಬ ಯೋಚನೆ ಬರುತ್ತದೆ. ನಗರದ ಎರಡು ಮೂಲೆಗಳನ್ನು ಒಂದೇ ದಿನ ಸುತ್ತಿದರೆ ಎರಡನೆಯದಕ್ಕೆ ತಡವಾಗಿ, ಸುಸ್ತಾಗಿ ತಲುಪುತ್ತಾರೆ. ಅದಕ್ಕೆ ಮುಂದಿನ ತಿಂಗಳ ನಿರಾಳ ವಾರದಲ್ಲಿ ಅರ್ಧ ದಿನ ಕಾದಿರಿಸುತ್ತಾರೆ. ವೈಟ್‌ಫೀಲ್ಡ್‌ನಿಂದ ಅಷ್ಟರಲ್ಲಿ ಆಫರ್ ಬರುವುದರಿಂದ ಅದು ಬೇಕಾಗುವುದಿಲ್ಲ. ಐದು ಸಿಎಲ್‌ನಲ್ಲಿ ಖರ್ಚಾದದ್ದು ಒಂದೇ.

ಡಿಸೆಂಬರ್ 8ಕ್ಕೆ ರಾಜೀನಾಮೆ ಕೊಟ್ಟರೆ ಅರವತ್ತು ದಿನ ಫೆಬ್ರವರಿ 6ಕ್ಕೆ ಮುಗಿಯುತ್ತದೆ. ಹೊಸ ಕಂಪನಿಗೆ ಜನವರಿಯಲ್ಲೇ ಬೇಕು. ಹದಿನಾರು ಗಳಿಕೆ ರಜೆಯನ್ನು ನೋಟಿಸ್‌ಗೆ ವಜಾ ಮಾಡಲು ಹಳೆಯ ಕಂಪನಿ ಒಪ್ಪಿದರೆ ಕೊನೆಯ ದಿನ ಜನವರಿ 21. ಆ ತಿಂಗಳ 20ರ ರಿಟರ್ನ್ ಮುಗಿಸಿಕೊಟ್ಟೇ ಹೊರಡುತ್ತೇನೆ ಎನ್ನಬಹುದು. ಒಪ್ಪಿಸಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಸಂದರ್ಶನಕ್ಕೆಂದು ಆ ಹದಿನಾರರಲ್ಲಿ ಎಂಟನ್ನು ಕಳೆದಿದ್ದರೆ ಈ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ಅನುಮಾನ ಹುಟ್ಟುವ ಬಗೆ

ಒಂದು ರಜೆಯಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೂರು ವಾರ ಸತತವಾಗಿ ಗುರುವಾರ ಅರ್ಧ ದಿನ ಹೋದರೆ ಬರುತ್ತದೆ. ದಿನಾ ಟೀ ಶರ್ಟ್ ಹಾಕುವವರು ಇಸ್ತ್ರಿ ಮಾಡಿದ ಪೂರ್ತಿ ತೋಳಿನ ಅಂಗಿ ಹಾಕಿ ಮಧ್ಯಾಹ್ನ ಬಂದರೆ ಬರುತ್ತದೆ. ಬಟ್ಟೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಹಿಂದಿರುಗುವ ಮುನ್ನ ಬದಲಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಎಂದೂ ಮೀಟಿಂಗ್‌ನಲ್ಲಿ ವಾದಿಸುತ್ತಿದ್ದವರು ಎಲ್ಲಕ್ಕೂ “ಆಗಲಿ” ಎನ್ನತೊಡಗಿದರೂ ಅನುಭವಿ ಮ್ಯಾನೇಜರ್ ಗಮನಿಸುತ್ತಾರೆ.

ಗುಟ್ಟು ಬಿಡುವುದು ಹೆಚ್ಚಾಗಿ ಸ್ನೇಹದ ದಾರಿಯಲ್ಲೇ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಊಟದ ಮೇಜಿಗೂ ಅನ್ವಯಿಸುತ್ತದೆ. ನೀವು ಒಬ್ಬರಿಗೆ ಹೇಳಿದರೆ ಅವರು ಕೆಡುಕು ಬಯಸದೆಯೇ ಇನ್ನೊಬ್ಬರಿಗೆ ಹೇಳುತ್ತಾರೆ. ಹೊಸ ಕಂಪನಿಯಲ್ಲಿರುವ ಹಳೆಯ ಸಹೋದ್ಯೋಗಿಯಿಂದ ರೆಫರೆನ್ಸ್ ಹಾಕಿಸುವಾಗಲೂ, ಅವರಿಗೆ ಈಗಲೂ ನಿಮ್ಮ ಮ್ಯಾನೇಜರ್ ಜೊತೆ ಒಡನಾಟ ಇದೆಯೇ ಎಂದು ಯೋಚಿಸಿ. ಒಂದೇ ಉದ್ಯಮದ ಫೈನಾನ್ಸ್ ಮುಖ್ಯಸ್ಥರು ಪರಸ್ಪರ ಪರಿಚಿತರಾಗಿರುವುದು ಸಾಮಾನ್ಯ. ಸಂದರ್ಶನದಲ್ಲೇ “ನಾನು ಕೆಲಸ ಹುಡುಕುತ್ತಿರುವುದು ನಮ್ಮ ಕಂಪನಿಗೆ ಗೊತ್ತಿಲ್ಲ, ದಯವಿಟ್ಟು ಅಲ್ಲಿ ವಿಚಾರಿಸಬೇಡಿ” ಎಂದು ಹೇಳಿದರೆ ತಪ್ಪಿಲ್ಲ.

ಮ್ಯಾನೇಜರ್ ನೇರವಾಗಿ ಕೇಳಿಬಿಟ್ಟರೆ? “ಇಲ್ಲವೇ ಇಲ್ಲ ಸರ್” ಎಂದು ಆಣೆ ಮಾಡಿದರೆ ಎರಡು ವಾರದ ನಂತರ ರಾಜೀನಾಮೆ ಕೊಡುವಾಗ ತಲೆ ತಗ್ಗಿಸಬೇಕು. “ಅವಕಾಶಗಳನ್ನು ಎಲ್ಲರ ಹಾಗೆ ನಾನೂ ಗಮನಿಸುತ್ತಿರುತ್ತೇನೆ ಸರ್. ತೀರ್ಮಾನ ಏನಾದರೂ ಆದರೆ ಮೊದಲು ನಿಮಗೇ ಹೇಳುತ್ತೇನೆ” ಎಂಬುದು ಸುಳ್ಳಲ್ಲ, ಪೂರ್ತಿ ಬಾಯಿಬಿಟ್ಟದ್ದೂ ಅಲ್ಲ.

ಆಫರ್ ಬಂದ ಮೇಲಿನ ಅಪಾಯ

ಆಫರ್ ಲೆಟರ್ ಬಂದೊಡನೆ ಗುಟ್ಟಿನ ಕೆಲಸ ಮುಗಿಯಿತು ಎನಿಸುತ್ತದೆ, ಆದರೆ ಇನ್ನೊಂದು ಮೆಟ್ಟಿಲಿದೆ. ಹೊಸ ಕಂಪನಿ ಹಿನ್ನೆಲೆ ಪರಿಶೀಲನೆಯನ್ನು ಹೊರಗಿನ ಏಜೆನ್ಸಿಗೆ ಕೊಟ್ಟಿರುತ್ತದೆ. ಏಜೆನ್ಸಿಯ ಅರ್ಜಿಯಲ್ಲಿ ‘ಈಗಿನ ಕಂಪನಿಯನ್ನು ಸಂಪರ್ಕಿಸಬಹುದೇ?’ ಎಂಬ ಕಲಂ ಸಾಮಾನ್ಯವಾಗಿ ಇರುತ್ತದೆ. ಆತುರದಲ್ಲಿ ‘ಹೌದು’ ಎಂದು ಒತ್ತಿದರೆ, ನೀವು ರಾಜೀನಾಮೆ ಕೊಡುವ ಮುಂಚೆಯೇ ನಿಮ್ಮ ಎಚ್‌ಆರ್‌ಗೆ ಮೇಲ್ ಬರುತ್ತದೆ. ‘ಇಲ್ಲ’ ಎಂದು ಗುರುತು ಮಾಡಿ, ರಾಜೀನಾಮೆ ಅಂಗೀಕಾರವಾದ ಮೇಲೆ ನೀವೇ ತಿಳಿಸುವುದಾಗಿ ಬರೆಯಿರಿ. ರೆಫರೆನ್ಸ್‌ಗೆ ಈಗಿನ ಮ್ಯಾನೇಜರ್ ಬದಲು ಹಿಂದಿನ ಕಂಪನಿಯವರ ಹೆಸರು ಕೊಡಿ. ಮೂರು ತಿಂಗಳ ಪೇ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಕೇಳುತ್ತಾರೆ. ಪೇ ಸ್ಲಿಪ್‌ಗಳನ್ನು ಪ್ರತಿ ತಿಂಗಳೂ ತೆಗೆದಿಟ್ಟುಕೊಳ್ಳುವ ರೂಢಿಯಿದ್ದರೆ, ಒಂದೇ ದಿನ ಎಲ್ಲವನ್ನೂ ಡೌನ್‌ಲೋಡ್ ಮಾಡುವ ಗಡಿಬಿಡಿ ಇರುವುದಿಲ್ಲ.

ಫೋನಿನಲ್ಲಿ “ಸೆಲೆಕ್ಟ್ ಆಗಿದ್ದೀರಿ” ಎಂದದ್ದನ್ನು ನಂಬಿ ರಾಜೀನಾಮೆ ಕೊಡಬೇಡಿ. ಸಂಬಳ, ಹುದ್ದೆ, ಸೇರುವ ದಿನ, ಯಾವ ಷರತ್ತುಗಳ ಮೇಲೆ ಆಫರ್ ಹಿಂದಕ್ಕೆ ಹೋಗಬಹುದು ಎಂಬುದೆಲ್ಲ ಬರಹದಲ್ಲಿ ಬಂದು, ನೀವು ಒಪ್ಪಿ ಕಳಿಸಿದ ಮೇಲೆ ಮಾತ್ರ ಕೊಡಿ. ಕೊಡುವಾಗ ಮೊದಲು ಮ್ಯಾನೇಜರ್‌ಗೆ ಎದುರಿಗೆ ಹೇಳಿ, ಅದೇ ದಿನ ಮೇಲ್ ಹಾಕಿ. ಆ ಮೇಲ್‌ನ ತಾರೀಕಿನಿಂದಲೇ ನೋಟಿಸ್ ಶುರುವಾಗುತ್ತದೆ, ನೀವು ಕೂಡಿಟ್ಟ ರಜೆಯ ಮಾತೂ ಅಲ್ಲಿಂದಲೇ ಶುರುವಾಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹೊಸ ಹುದ್ದೆ ಹಾಕುವುದಕ್ಕೆ ರಿಲೀವಿಂಗ್ ಲೆಟರ್ ಮತ್ತು ಬಾಕಿ ಹಣ ಕೈಗೆ ಬರುವವರೆಗೆ ಕಾಯಿರಿ.